ಹದಿನೈದು ಅಂದ್ರ ಯಾವ ಹದಿನೈದು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಅಣ್ಣ-ತಮ್ಮ ಇಬ್ಬರು ಪಾಲುದಾರಿಕೆಯಲ್ಲಿ ನಡೆಸುವ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಇಪ್ಪತ್ನಾಲ್ಕು ಜನ ಕೆಲಸಗಾರರು. ಅವರ ಲೆಕ್ಕಪತ್ರ ನೋಡಿಕೊಡಲು ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಗ್ರೈಂಡರ್ ಸದ್ದಿನ ನಡುವೆ ಒಂದು ಚಿಕ್ಕ ಗಾಜಿನ ಕೋಣೆ, ಗೋಡೆಗೆ ಸಹಕಾರಿ ಸಂಘದವರು ಕೊಟ್ಟ ಕ್ಯಾಲೆಂಡರ್, ಅದರ ಪಕ್ಕದಲ್ಲಿ ಒಂದು ಬಗ್ಗಿದ ತಂತಿ. ಬಂದ ನೋಟಿಸು, ಸುತ್ತೋಲೆ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದರ ಪ್ರಿಂಟು ಎಲ್ಲವನ್ನೂ ಆ ತಂತಿಗೆ ಚುಚ್ಚುವುದು ಅಲ್ಲಿನ ಪದ್ಧತಿ. ಚುಚ್ಚಿದರೆ ಓದಿದ ಹಾಗೆ ಎಂಬ ನಂಬಿಕೆ.

2024ರ ಅಕ್ಟೋಬರಿನಲ್ಲಿ ನಾನು ಹೋದಾಗ ಅಣ್ಣ ಆ ತಂತಿಯಿಂದ ಒಂದು ಕಾಗದ ಕಿತ್ತು ನನ್ನ ಮುಂದೆ ಹಾಕಿದರು. "ಸರ, ನೀವೂ ಹದಿನೈದು ಅಂತೀರಿ, ಈ ಕಾಗದಾನೂ ಹದಿನೈದು ಅಂತೈತಿ. ಹದಿನೈದು ಅಂದ್ರ ಯಾವ ಹದಿನೈದ್ರೀ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆ ಕಾಗದದಲ್ಲಿ ತಾರೀಖೇ ಇರಲಿಲ್ಲ. 'ಪ್ರತಿ ತಿಂಗಳ ಮುಕ್ತಾಯದಿಂದ ಹದಿನೈದು ದಿನಗಳೊಳಗೆ' ಎಂಬ ಅರ್ಥದ ಇಂಗ್ಲಿಷ್ ಸಾಲು ಇತ್ತು. ಕಾರ್ಮಿಕ ಕಾನೂನಿನ ನೋಟಿಸುಗಳ ಗುಣವೇ ಅದು. ಅವು ತಾರೀಖು ಕೊಡುವುದು ಅಪರೂಪ, ತಾರೀಖು ಲೆಕ್ಕ ಹಾಕುವ ಸೂತ್ರವನ್ನು ಕೊಡುತ್ತವೆ. ಲೆಕ್ಕ ಹಾಕಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುವ ಕೆಲಸ ನಮ್ಮದು. ಆ ಕೆಲಸವನ್ನು ಯಾರೂ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದರ ಹಿಂದಿನ ತಿಂಗಳೇ ಅವರಿಗೆ ಪಾಠವಾಗಿತ್ತು.

ಗಣಪತಿ ಹಬ್ಬದ ಹತ್ತು ದಿನ

ಆಗಸ್ಟ್ ತಿಂಗಳ ಪಗಾರದ ಮೇಲಿನ ಭವಿಷ್ಯ ನಿಧಿ ವಂತಿಗೆ ಕಟ್ಟಲು ಸೆಪ್ಟೆಂಬರ್ 15 ಕೊನೆಯ ದಿನ. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು. 14 ಎರಡನೇ ಶನಿವಾರ, 15 ಭಾನುವಾರ, 16 ಈದ್ ಮಿಲಾದ್ ರಜೆ. 17ಕ್ಕೆ ಹನ್ನೊಂದನೇ ದಿನದ ವಿಸರ್ಜನೆ. ಹುಬ್ಬಳ್ಳಿಯಲ್ಲಿ ಆ ದಿನ ಯಾವ ವರ್ಕ್‌ಶಾಪಿನಲ್ಲಿ ಎಷ್ಟು ಕೆಲಸ ನಡೆಯುತ್ತದೆ ಎಂಬುದನ್ನು ಊರಿನವರಿಗೆ ಹೇಳಬೇಕಾಗಿಲ್ಲ.

ಲೆಕ್ಕ ಬರೆಯುವ ಹುಡುಗಿ ತನ್ನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದಳು. 13ರ ಶುಕ್ರವಾರ ತಿಂಗಳ ವಿವರದ ಕಡತವನ್ನು ಪಿಎಫ್ ಪೋರ್ಟಲ್‌ಗೆ ಏರಿಸಿ, ಒಪ್ಪಿಗೆ ಕೊಟ್ಟು, ಚಲನ್ ತೆಗೆದು, ಪ್ರಿಂಟು ಮೇಜಿನ ಮೇಲಿಟ್ಟು ಊರಿಗೆ ಹೋದಳು. ಚಲನ್ ನೋಡಿದ ಅಣ್ಣ, ಕಟ್ಟಿಯಾಯಿತು ಎಂದುಕೊಂಡರು. ಚಲನ್ ತೆಗೆಯುವುದು ಬೇರೆ, ಕಟ್ಟುವುದು ಬೇರೆ. ಹಣ ಹೋಗಬೇಕಾದರೆ ಬ್ಯಾಂಕಿನ ಜಾಲತಾಣದಲ್ಲಿ ಒಪ್ಪಿಗೆ ಕೊಡಬೇಕು, ಅದರ ಓಟಿಪಿ ಬರುವುದು ತಮ್ಮನ ಮೊಬೈಲಿಗೆ. ತಮ್ಮ ಹೆಂಡತಿಯ ತವರಿನ ಗಣಪತಿಗೆ ಹೋಗಿದ್ದರು. 18ರ ಬುಧವಾರ ಹುಡುಗಿ ವಾಪಸು ಬಂದು ಪೋರ್ಟಲ್ ತೆರೆದಾಗಲೇ ಹಣ ಬಾಕಿ ಇರುವುದು ಗೊತ್ತಾದದ್ದು. ಅಂದೇ ಕಟ್ಟಿದರು. ಮೂರು ದಿನ ತಡ.

ಈ ಮೂರು ದಿನಕ್ಕೆ ಎಷ್ಟು ಬಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಇಪ್ಪತ್ನಾಲ್ಕು ಜನರ ಪಿಎಫ್ ಲೆಕ್ಕದ ವೇತನ ಒಟ್ಟು 3,36,000 ರೂಪಾಯಿ ಎಂದಿಟ್ಟುಕೊಳ್ಳಿ. ಕೆಲಸಗಾರರಿಂದ ಹಿಡಿದದ್ದು ಶೇ 12, ಅಂದರೆ 40,320. ಮಾಲೀಕರ ಪಾಲೂ ಅಷ್ಟೇ. ವಿಮೆ ಯೋಜನೆಗೆ ಶೇ 0.5, ಆಡಳಿತ ಶುಲ್ಕ ಶೇ 0.5. ಒಟ್ಟು ಸರಿಯಾಗಿ 84,000. ವರ್ಷಕ್ಕೆ ಶೇ 12ರಂತೆ ಮೂರು ದಿನದ ಬಡ್ಡಿ ಹಾಕಿದರೆ ಸುಮಾರು 83 ರೂಪಾಯಿ. ಇದರ ಮೇಲೆ ನಷ್ಟಪರಿಹಾರ ಎಂಬ ಹೆಸರಿನ ದಂಡ ಬೇರೆ. 2024ರ ಜೂನ್‌ನಿಂದ ಅದನ್ನು ತಿಂಗಳಿಗೆ ಶೇ 1ಕ್ಕೆ ಇಳಿಸಿದ್ದಾರೆ. ಮೂರೇ ದಿನವಾದರೂ ಒಂದು ತಿಂಗಳೆಂದೇ ಹಿಡಿದರೆ 840 ರೂಪಾಯಿ. ಇಲ್ಲಿಗೆ ಮುಗಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆದಾಯ ತೆರಿಗೆಯಲ್ಲಿ. ಕೆಲಸಗಾರರಿಂದ ಹಿಡಿದ ವಂತಿಗೆಯನ್ನು ಗಡುವಿನೊಳಗೆ ನಿಧಿಗೆ ಕಟ್ಟದಿದ್ದರೆ ಅದು ಮಾಲೀಕನ ಆದಾಯವಾಗುತ್ತದೆ, ಮರುದಿನ ಕಟ್ಟಿದರೂ ಖರ್ಚಿನ ವಿನಾಯಿತಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 12ರಂದು ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಹೇಳಿತು. 1961ರ ಆದಾಯ ತೆರಿಗೆ ಕಾಯ್ದೆಯಡಿ ಬರುವ ವರ್ಷಗಳಿಗೆ ಇದೇ ಮಾತು. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ 30. ಅಂದರೆ 40,320 ರೂಪಾಯಿಯ ಮೇಲೆ 12,096, ಸೆಸ್ ಸೇರಿ 12,580 ರೂಪಾಯಿ. ಬಡ್ಡಿ 83, ತೆರಿಗೆ 12,580. ಹಣ ನಿಧಿಗೂ ಹೋಯಿತು, ಅದರ ಮೇಲೆ ತೆರಿಗೆಯೂ ಹೋಯಿತು. ಅಣ್ಣ ಆ ಅಂಕಿಯನ್ನು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಹೊಡೆದು ನೋಡಿ, ಕ್ಯಾಲ್ಕುಲೇಟರನ್ನೇ ಬೋರಲು ಹಾಕಿದರು.

"ಭಾನುವಾರ ಇತ್ತಲ್ರೀ ಸರ, ಸೋಮವಾರ ರಜಾ ಇತ್ತಲ್ರೀ" ಎಂದರು. ಕಚೇರಿ ಮುಚ್ಚಿದ ದಿನ ಗಡುವು ಬಿದ್ದರೆ, ಕಚೇರಿ ತೆರೆದ ಮರುದಿನ ಮಾಡಿದರೂ ನಡೆಯುತ್ತದೆ ಎಂಬ ಒಂದು ಕಲಂ ಜನರಲ್ ಕ್ಲಾಸಸ್ ಆ್ಯಕ್ಟ್‌ನಲ್ಲಿ ಇರುವುದು ನಿಜ. ಆದರೆ ಇಡೀ ದಿನ ಆನ್‌ಲೈನ್ ತೆರೆದಿರುವ ಪಾವತಿಗೆ ಅದನ್ನು ಹಿಡಿದು ವಾದಿಸುವುದು ವಕೀಲರ ಕೆಲಸ, ಕ್ಯಾಲೆಂಡರಿನ ಕೆಲಸವಲ್ಲ. ಅಲ್ಲದೆ ಇವರು ಕಟ್ಟಿದ್ದು 18ಕ್ಕೆ. ಆ ಕಲಂ ಹಿಡಿದರೂ 17ಕ್ಕೇ ದಾರಿ ಮುಚ್ಚಿತ್ತು.

ಪೆನ್ಸಿಲ್ ಹಿಡಿದು ಓದುವ ಬಗೆ

ಅಂದು ನಾವಿಬ್ಬರೂ ತಂತಿಯಲ್ಲಿದ್ದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರುವಿಕೊಂಡು ಕೂತೆವು. ಹೆಚ್ಚಿನವು ಇಂಗ್ಲಿಷು, ಕೆಲವಕ್ಕೆ ಮುಂದೊಂದು ಹಿಂದಿ ಪುಟ. ರಾಜ್ಯ ಸರ್ಕಾರದವು ಕನ್ನಡದಲ್ಲಿದ್ದವು. ಕನ್ನಡದ ಅಧಿಸೂಚನೆ ಓದುವುದು ಇಂಗ್ಲಿಷಿಗಿಂತ ಕಷ್ಟ ಎನ್ನುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಅದರಲ್ಲಿ ಎರಡು ಮಾತು ಹುಡುಕಿದರೆ ಸಾಕು. ಒಂದು 'ತಕ್ಕದ್ದು', ಇನ್ನೊಂದು 'ಒಳಗಾಗಿ'. 'ಸಲ್ಲಿಸತಕ್ಕದ್ದು', 'ಪಾವತಿಸತಕ್ಕದ್ದು' ಎಂದು ಎಲ್ಲಿದೆಯೋ ಅಲ್ಲಿ ನಮ್ಮ ತಲೆಗೆ ಬಂದ ಕೆಲಸ ಇರುತ್ತದೆ. ಅದೇ ವಾಕ್ಯದಲ್ಲಿ ಹಿಂದಕ್ಕೆ ಹೋದರೆ 'ಒಳಗಾಗಿ' ಸಿಗುತ್ತದೆ, ಅದರ ಹಿಂದೆ ದಿನದ ಎಣಿಕೆ. ಎರಡಕ್ಕೂ ಪೆನ್ಸಿಲ್ ಗೀಟು ಹಾಕಿ, ಉಳಿದ ಪ್ರಸ್ತಾವನೆಯನ್ನು ಬಿಡುವಿದ್ದಾಗ ಓದಿದರಾಯಿತು. ಒಂದೇ ಎಚ್ಚರ: 'ಫೆಬ್ರವರಿ 1ರ ಒಳಗಾಗಿ' ಎಂಬುದೂ 'ಫೆಬ್ರವರಿ 1ಕ್ಕೆ ಮುಂಚಿತವಾಗಿ' ಎಂಬುದೂ ಒಂದೇ ಅಲ್ಲ. ಎರಡನೆಯದಕ್ಕೆ ಜನವರಿ 31ರ ಚೌಕದಲ್ಲಿ ಬರೆಯಬೇಕು.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕಾಗದ ನಮಗೆ ಸಂಬಂಧಪಟ್ಟದ್ದೇ ಅಂತ. ಕಾರ್ಮಿಕ ಕಾನೂನುಗಳಲ್ಲಿ ಹಲವು ತಲೆ ಎಣಿಸಿ ಬಾಗಿಲು ತೆರೆಯುತ್ತವೆ. ಹತ್ತು ಜನರಾದರೆ ಇಎಸ್‌ಐ. ಇಪ್ಪತ್ತಾದರೆ ಪಿಎಫ್. ಐವತ್ತಾದರೆ ಕರ್ನಾಟಕದ ಕಾರ್ಮಿಕ ಕಲ್ಯಾಣ ನಿಧಿ, ಡಿಸೆಂಬರ್ 31ಕ್ಕೆ ಹಾಜರಿ ಪುಸ್ತಕದಲ್ಲಿರುವವರ ಲೆಕ್ಕ ಹಿಡಿದು ಜನವರಿ 15ರೊಳಗೆ ವರ್ಷಕ್ಕೊಮ್ಮೆ ಕಟ್ಟುವುದು. ತಂತಿಯಲ್ಲಿ ಈ ನಿಧಿಯ ಬಗ್ಗೆಯೇ ಮೂರು ಕಾಗದ ಇದ್ದವು. ವಂತಿಗೆಯನ್ನು ಕೆಲಸಗಾರನಿಗೆ 20ರಿಂದ 50ಕ್ಕೆ, ಮಾಲೀಕನಿಗೆ 40ರಿಂದ 100ಕ್ಕೆ ಏರಿಸುವ ಸುದ್ದಿ ಹಬ್ಬಿದ್ದ ಕಾಲ ಅದು, ಮುಂದೆ ಅದು ಕಾಯ್ದೆಯೂ ಆಯಿತು. ಇಪ್ಪತ್ನಾಲ್ಕು ಜನರ ವರ್ಕ್‌ಶಾಪಿಗೆ ಇದರ ಗೊಡವೆಯೇ ಇಲ್ಲ. ಮೂರೂ ಕಾಗದ ತೆಗೆದು ಪಕ್ಕಕ್ಕಿಟ್ಟಾಗ ಅಣ್ಣನ ಮುಖ ಆ ದಿನ ಮೊದಲ ಸಲ ಸಡಿಲವಾಯಿತು. ಬಿಡಬೇಕಾದದ್ದನ್ನು ಬಿಟ್ಟ ಮೇಲೆ ಉಳಿದದ್ದು ತಂತಿಯ ಅರ್ಧ ಕೂಡ ಇರಲಿಲ್ಲ.

ಉಳಿದವುಗಳಲ್ಲಿ ಹಳೆಯ ನೆನಪಿನ ತೊಂದರೆ ಬೇರೆ. ಪಿಎಫ್‌ಗೆ 15 ಕಳೆದ ಮೇಲೂ ಐದು ದಿನ ರಿಯಾಯಿತಿ ಇದ್ದ ಕಾಲವೊಂದಿತ್ತು. 2016ರ ಆರಂಭದಲ್ಲೇ ಅದನ್ನು ತೆಗೆದುಹಾಕಿದರು. ಇಎಸ್‌ಐಗೆ ಗಡುವು 21 ಇತ್ತು, 2017ರಲ್ಲಿ 15ಕ್ಕೆ ಇಳಿಯಿತು. ವೃತ್ತಿ ತೆರಿಗೆಗೆ ಮಾತ್ರ ಇವತ್ತಿಗೂ ಮುಂದಿನ ತಿಂಗಳ 20. ಹೀಗಾಗಿ ಅನುಭವಿಗಳ ಬಾಯಲ್ಲಿ 'ಇಪ್ಪತ್ತರತನಕ ಟೈಮ್ ಐತಿ' ಎಂಬ ಮಾತು ಇನ್ನೂ ಓಡಾಡುತ್ತದೆ. ಅದು ವೃತ್ತಿ ತೆರಿಗೆಯ ಮಟ್ಟಿಗೆ ಸರಿ, ಉಳಿದ ಎರಡಕ್ಕೆ ತಪ್ಪು. ಕ್ಯಾಲೆಂಡರಿಗೆ ಬರೆಯುವ ತಾರೀಖನ್ನು ಯಾರ ಬಾಯಿಂದಲೂ ತೆಗೆದುಕೊಳ್ಳದೆ ಈಗ ಜಾರಿಯಲ್ಲಿರುವ ನಿಯಮದಿಂದಲೇ ತೆಗೆಯಬೇಕು ಎನ್ನುವುದು ಇದಕ್ಕೇ.

ತಿಂಗಳ ಹೆಸರಿನ ಗೊಂದಲ

ಅಣ್ಣ ಕೇಳಿದ 'ಯಾವ ಹದಿನೈದು' ಎಂಬುದಕ್ಕೆ ನಿಜವಾದ ಉತ್ತರ ಇರುವುದು ತಿಂಗಳ ಹೆಸರಿನಲ್ಲಿ. ನೋಟಿಸು ಕೆಲಸ ನಡೆದ ತಿಂಗಳ ಹೆಸರು ಹೇಳುತ್ತದೆ, ಹಣ ಹೋಗುವುದು ಅದರ ಮುಂದಿನ ತಿಂಗಳಲ್ಲಿ. ಇದನ್ನು ತೋರಿಸಲು ವೃತ್ತಿ ತೆರಿಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಪಗಾರ ಇರುವವರಿಗೆ 200 ರೂಪಾಯಿ ವೃತ್ತಿ ತೆರಿಗೆ. ವರ್ಷಕ್ಕೆ 2,400 ಆಗುತ್ತಿತ್ತು. ಸಂವಿಧಾನ ಒಪ್ಪುವ ಮೇಲ್ಮಿತಿ 2,500. ಆ ನೂರು ರೂಪಾಯಿಯನ್ನೂ ಬಿಡಬಾರದೆಂದು 2025ರ ಏಪ್ರಿಲ್‌ನಿಂದ ಫೆಬ್ರವರಿಗೆ ಮಾತ್ರ 300, ಉಳಿದ ಹನ್ನೊಂದು ತಿಂಗಳಿಗೆ 200 ಎಂದು ಬದಲಿಸಿದರು. ಸುದ್ದಿ ಓದಿದವರು ಫೆಬ್ರವರಿ ಹಾಳೆಯಲ್ಲಿ 300 ಎಂದು ಬರೆದುಕೊಂಡರು. ಫೆಬ್ರವರಿ 20ಕ್ಕೆ ಕಟ್ಟುವುದು ಜನವರಿ ತಿಂಗಳ ತೆರಿಗೆ, ಅದು 200. ಫೆಬ್ರವರಿಯ 300 ಹೋಗುವುದು ಮಾರ್ಚ್ 20ಕ್ಕೆ. ಹಿಡಿಯುವ ಚೌಕ ಒಂದು ಹಾಳೆಯಲ್ಲಿ, ಕಟ್ಟುವ ಚೌಕ ಇನ್ನೊಂದು ಹಾಳೆಯಲ್ಲಿ. ನಮ್ಮ ವರ್ಕ್‌ಶಾಪಿನಲ್ಲಿ ಈ ತೆರಿಗೆಗೆ ಬರುವವರು ಸೂಪರ್‌ವೈಸರ್ ಸೇರಿ ಮೂವರೇ, ಹೆಚ್ಚು ಕಡಿಮೆಯಾದರೂ 300 ರೂಪಾಯಿಯ ಮಾತು. ಆದರೆ ಇಂಥ ಚಿಲ್ಲರೆ ವ್ಯತ್ಯಾಸವೇ ವರ್ಷದ ಕೊನೆಯ ರಿಟರ್ನ್ ತಾಳೆಯಾಗದಂತೆ ಮಾಡಿ ಒಂದು ದಿನ ತಿನ್ನುತ್ತದೆ.

ಇಎಸ್‌ಐಯಲ್ಲಿ ಇದೇ ಗೊಂದಲ ಇನ್ನೊಂದು ವೇಷದಲ್ಲಿ ಬರುತ್ತದೆ. ಅಲ್ಲಿನ ವೇತನ ಮಿತಿ 21,000. ಒಮ್ಮೆ ಜುಲೈನಲ್ಲಿ ಒಬ್ಬ ವೆಲ್ಡರ್‌ನ ಪಗಾರ 20,500ರಿಂದ 21,800ಕ್ಕೆ ಏರಿತ್ತು. ಮಿತಿ ದಾಟಿತು ಎಂದು ಆಗಸ್ಟ್‌ನಿಂದಲೇ ಅವನ ಇಎಸ್‌ಐ ನಿಲ್ಲಿಸಲು ಹೊರಟಿದ್ದರು. ಹಾಗೆ ನಿಲ್ಲಿಸುವಂತಿಲ್ಲ. ಇಎಸ್‌ಐಯ ವರ್ಷ ಎರಡು ಭಾಗ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿಯ ನಡುವೆ ಮಿತಿ ದಾಟಿದವನು ಅವಧಿ ಮುಗಿಯುವವರೆಗೂ ಯೋಜನೆಯಲ್ಲೇ ಇರುತ್ತಾನೆ, ಅದೂ ಹೆಚ್ಚಿದ ಪೂರ್ತಿ ಪಗಾರದ ಮೇಲೆ. ಅವನ ಪಾಲು ಶೇ 0.75, ಮಾಲೀಕರದು ಶೇ 3.25. ಸೆಪ್ಟೆಂಬರ್ ಪಗಾರದ ವಂತಿಗೆ ಹೋಗುವುದು ಅಕ್ಟೋಬರ್ 15ಕ್ಕೆ. ಅವನ ಹೆಸರಿಲ್ಲದ ಮೊದಲ ಪಾವತಿ ನವೆಂಬರ್ 15ರದ್ದು. ಮಧ್ಯದಲ್ಲೇ ಹೆಸರು ತೆಗೆದಿದ್ದರೆ ನಷ್ಟ ಮಾಲೀಕರಿಗೆ ಮಾತ್ರವಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಆಧಾರದ ಮೇಲೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆ ರಜೆಯ ಭತ್ಯೆ ಸಿಗುವುದು. ಕಾಯಿಲೆ ಬಿದ್ದು ಮನೆಯಲ್ಲಿ ಕೂತ ದಿನ ಆ ವೆಲ್ಡರ್‌ಗೆ ದಿನ ಸಾಲದೆ ಬಂದರೆ ಅದನ್ನು ಯಾರು ತುಂಬಿಕೊಡುತ್ತಾರೆ? ಹಾಗಾಗಿ ಆ ಕ್ಯಾಲೆಂಡರಿನಲ್ಲಿ ಏಪ್ರಿಲ್ 1 ಮತ್ತು ಅಕ್ಟೋಬರ್ 1ರ ಚೌಕಗಳಲ್ಲಿ ಹಣದ ಮಾತಿಲ್ಲ. 'ಇಎಸ್‌ಐ ಯಾರು ಒಳಗೆ, ಯಾರು ಹೊರಗೆ' ಎಂದಷ್ಟೇ ಬರೆದಿದ್ದೇವೆ.

ಕೆಲವು ತಾರೀಖುಗಳನ್ನು ಎರಡು ಮೆಟ್ಟಿಲು ಹತ್ತಿ ಹುಡುಕಬೇಕು. ಬೋನಸ್ ಕಾನೂನು ಲೆಕ್ಕ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕೆನ್ನುತ್ತದೆ. ಮಾರ್ಚ್ 31ರಿಂದ ಎಣಿಸಿದರೆ ನವೆಂಬರ್ 30. ಹಳೆಯ ಬೋನಸ್ ನಿಯಮದ ರಿಟರ್ನ್‌ಗೆ ಆ ಎಂಟು ತಿಂಗಳು ಮುಗಿದ ಮೇಲೆ ಮೂವತ್ತು ದಿನ ಇತ್ತು, ಅಂದರೆ ಡಿಸೆಂಬರ್ 30. ನಮ್ಮ ಕಡೆ ಬೋನಸ್ ಕೊಡುವುದು ದೀಪಾವಳಿಗೆ, ಕೆಲವರು ಆಯುಧ ಪೂಜೆಗೇ ಕೊಟ್ಟುಬಿಡುತ್ತಾರೆ. ಹಣ ಕೊಟ್ಟ ಖುಷಿಯಲ್ಲಿ ಕಾಗದದ ಕೆಲಸ ಮರೆತುಹೋಗುವುದು ಅದಕ್ಕೇ.

ವಿಸ್ತರಣೆ ಎಂಬ ಇನ್ನೊಂದು ಬಲೆ

ಮುಂದೂಡಿದ ತಾರೀಖು ಸಂತೋಷದ ಸುದ್ದಿ. ಆದರೆ ಕ್ಯಾಲೆಂಡರನ್ನು ಹೆಚ್ಚು ಕೆಡಿಸುವುದೂ ಅದೇ. ಹೊಸದಾಗಿ ಸೇರಿದ ಕೆಲಸಗಾರರ ಯುಎಎನ್ ಸಂಖ್ಯೆಯನ್ನು ಸಕ್ರಿಯಗೊಳಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಬೇಕೆಂದು ಭವಿಷ್ಯ ನಿಧಿ ಸಂಘಟನೆ 2024ರ ಕೊನೆಯಲ್ಲಿ ಹೇಳಿತು. ಮೊದಲ ಗಡುವು ನವೆಂಬರ್ 30. ನಂತರ ಡಿಸೆಂಬರ್ 15 ಆಯಿತು. ನಂತರ 2025ರ ಜನವರಿ 15, ಆಮೇಲೆ ಫೆಬ್ರವರಿ 15. ನಾನು ಜನವರಿಯಲ್ಲಿ ಹೋದಾಗ ಗೋಡೆಯ ಮೇಲೆ ಒಂದೇ ಕೆಲಸಕ್ಕೆ ಮೂರು ಹಾಳೆಗಳಲ್ಲಿ ಮೂರು ಗಡುವು ಇದ್ದವು. ಕೆಲಸ ಆಗಿದೆಯೋ ಇಲ್ಲವೋ ಯಾರಿಗೂ ಖಚಿತ ಇರಲಿಲ್ಲ.

"ಪ್ರತಿ ಸರ್ತಿ ಮುಂದ ಹಾಕ್ತಾರಲ್ರೀ ಸರ, ಇನ್ನೊಮ್ಮಿ ಹಾಕ್ತಾರ ಬಿಡ್ರಿ."

ನಾನು ಈ ಮಾತನ್ನು ಒಪ್ಪುವುದಿಲ್ಲ. ವಿಸ್ತರಣೆ ಒಂದು ಸಲದ ಕೆಲಸಗಳಿಗೆ ಬರುವುದುಂಟು, ತಿಂಗಳ ಪಾವತಿಗೆ ಬರುವುದು ಬಲು ಅಪರೂಪ. ಎರಡನ್ನೂ ಒಂದೇ ಬಣ್ಣದಲ್ಲಿ ಬರೆದಾಗ ಒಂದರ ಸಡಿಲು ಇನ್ನೊಂದಕ್ಕೆ ಅಂಟುತ್ತದೆ. ಈಗ ನಾವು ತಿಂಗಳ ತಾರೀಖುಗಳನ್ನು ಮಸಿಯಲ್ಲಿ, ಒಂದು ಸಲದವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ವಿಸ್ತರಣೆಯ ಸುತ್ತೋಲೆ ಬಂದರೆ ಹಳೆಯ ಚೌಕವನ್ನು ಅಳಿಸದೆ ಹೊಸ ಚೌಕ ತುಂಬುವಂತಿಲ್ಲ. ಹೊಸ ಚೌಕದ ಮೂಲೆಯಲ್ಲಿ ಸುತ್ತೋಲೆಯ ತಾರೀಖನ್ನು ಚಿಕ್ಕದಾಗಿ ಬರೆದಿಡುತ್ತೇವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಸುದ್ದಿಗೆ ಸುತ್ತೋಲೆಯ ಸಂಖ್ಯೆ, ತಾರೀಖು ಇಲ್ಲದಿದ್ದರೆ ಅದು ಕ್ಯಾಲೆಂಡರಿಗೆ ಹತ್ತುವುದಿಲ್ಲ.

ಒಂದು ಗಡುವಿಗೆ ಎರಡು ಚೌಕ

ಸೆಪ್ಟೆಂಬರಿನ ಪೆಟ್ಟು ಕಲಿಸಿದ್ದು ಇಷ್ಟು: ಕಾನೂನಿನ ಗಡುವನ್ನು ಮಾತ್ರ ಬರೆದ ಕ್ಯಾಲೆಂಡರ್ ಅರ್ಧ ಕ್ಯಾಲೆಂಡರ್. ಪಿಎಫ್ ವಿವರ ಪೋರ್ಟಲ್‌ಗೆ ಏರಬೇಕಾದರೆ ಪ್ರತಿಯೊಬ್ಬನ ಯುಎಎನ್‌ಗೆ ಆಧಾರ್ ಜೋಡಣೆಯಾಗಿರಬೇಕು. 2021ರ ಸೆಪ್ಟೆಂಬರ್ 1ರಿಂದ ಇದು ಕಡ್ಡಾಯ. ಹೊಸ ಹುಡುಗನ ಆಧಾರಿನಲ್ಲಿ ಅಪ್ಪನ ಹೆಸರು ಮೊದಲು, ಶಾಲೆಯ ದಾಖಲೆಯಲ್ಲಿ ಊರ ಹೆಸರು ಮೊದಲು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರುಗಳಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಇದನ್ನು ಸರಿಪಡಿಸಲು 15ರಂದು ಕೂತರೆ ಆಗದು.

ಹೀಗಾಗಿ ಪ್ರತಿ ಪಾವತಿಗೆ ಎರಡು ತಾರೀಖು ಇಟ್ಟೆವು. ಒಂದು ಗಡುವು. ಇನ್ನೊಂದು ಗಡುವಿನಂದು ಅಥವಾ ಅದಕ್ಕೂ ಮೊದಲು ಬರುವ ಕೊನೆಯ ಬ್ಯಾಂಕ್ ದಿನ, ನಮ್ಮ ಭಾಷೆಯಲ್ಲಿ 'ಕಟ್ಟುವ ದಿನ'. ಲೆಕ್ಕ ಬರೆಯುವ ಹುಡುಗಿ ಇದಕ್ಕೆ ಸ್ಪ್ರೆಡ್‌ಶೀಟಿನಲ್ಲಿ ಎರಡು ಸಾಲು ಬರೆದಿಟ್ಟಿದ್ದಾಳೆ. A2 ಮನೆಯಲ್ಲಿ ಕೆಲಸ ನಡೆದ ತಿಂಗಳ ಮೊದಲ ತಾರೀಖು, H ಕಾಲಂನಲ್ಲಿ ಹಬ್ಬದ ರಜೆಗಳೂ ಎರಡನೇ, ನಾಲ್ಕನೇ ಶನಿವಾರಗಳೂ ಇರುತ್ತವೆ.

```
B2: =EOMONTH(A2,0)+15
C2: =WORKDAY.INTL(B2+1,-1,11,$H$2:$H$60)
```

ಮೊದಲನೆಯದು ತಿಂಗಳ ಕೊನೆಯ ದಿನಕ್ಕೆ ಹದಿನೈದು ಸೇರಿಸುತ್ತದೆ. ಎರಡನೆಯದರಲ್ಲಿರುವ 11 ಭಾನುವಾರ ಮಾತ್ರ ವಾರದ ರಜೆ ಎಂದು ಹೇಳುತ್ತದೆ, ಉಳಿದ ರಜೆಗಳನ್ನು H ಕಾಲಂ ನೋಡಿ ಬಿಡುತ್ತದೆ. A2ರಲ್ಲಿ 2024ರ ಆಗಸ್ಟ್ 1 ಹಾಕಿದರೆ B2ರಲ್ಲಿ ಸೆಪ್ಟೆಂಬರ್ 15, C2ರಲ್ಲಿ ಸೆಪ್ಟೆಂಬರ್ 13. ಅದೇ ಆ ಶುಕ್ರವಾರ, ಚಲನ್ ಮೇಜಿನ ಮೇಲಿದ್ದ ದಿನ. ಎರಡನೇ ಶನಿವಾರ ಬರೆಯಲು ಮರೆತಿದ್ದರೆ 14 ಎಂದು ತೋರಿಸುತ್ತಿತ್ತು. ಸೂತ್ರ ತಪ್ಪುವುದು ಇಂಥಲ್ಲೇ, ರಜೆಯ ಪಟ್ಟಿ ಅಪೂರ್ಣವಾದಾಗ.

ಆ ಪಟ್ಟಿಗೂ ಒಂದು ಗಡುವಿದೆ ಎಂಬುದು ತಮಾಷೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಕಾಯ್ದೆಯಂತೆ ಮುಂದಿನ ವರ್ಷದ ರಜೆಪಟ್ಟಿಯನ್ನು ಡಿಸೆಂಬರ್ ಮುಗಿಯುವುದರೊಳಗೆ ಕಾರ್ಮಿಕ ನಿರೀಕ್ಷಕರಿಗೆ ಕಳಿಸಬೇಕು. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಯ ಜೊತೆಗೆ ನಮ್ಮ ನವೆಂಬರ್ 1 ಕೂಡ ಅದರಲ್ಲಿ ಕಡ್ಡಾಯ. ಅದೇ ಪಟ್ಟಿಯನ್ನು ಹುಡುಗಿ H ಕಾಲಂಗೆ ಎತ್ತಿ ಹಾಕಿ, ಬ್ಯಾಂಕಿನ ರಜೆಗಳನ್ನು ಸೇರಿಸಿಕೊಳ್ಳುತ್ತಾಳೆ. ಒಂದು ಕೆಲಸದಲ್ಲಿ ಎರಡು ಕೆಲಸ.

ಕಟ್ಟುವ ದಿನದ ಚೌಕದಲ್ಲಿ ಈಗ ಗೀಟು ಬೀಳುವುದು ಚಲನ್ ನೋಡಿ ಅಲ್ಲ, ಹಣ ಜಮೆಯಾದ ರಸೀದಿ ನೋಡಿ. ಓಟಿಪಿ ಬರುವ ಮೊಬೈಲ್ ಊರಲ್ಲಿದೆಯೇ ಎಂದು ಹಿಂದಿನ ದಿನವೇ ಕೇಳಬೇಕೆಂದೂ ಅಲ್ಲಿ ಬರೆದಿದೆ. ತಮ್ಮ ಅದನ್ನು ಓದಿದಾಗಲೆಲ್ಲ ನಗುತ್ತಾರೆ. ಅಣ್ಣ ನಗುವುದಿಲ್ಲ.

ಚೌಕವಿಲ್ಲದ ಗಡುವುಗಳು

ಕ್ಯಾಲೆಂಡರಿಗೆ ಸಿಗದ ಗಡುವುಗಳೂ ಇವೆ. ಅವು ತಿಂಗಳಿಂದ ಎಣಿಸುವಂಥವಲ್ಲ, ಘಟನೆಯಿಂದ ಎಣಿಸುವಂಥವು. ಒಬ್ಬ ಹೊಸದಾಗಿ ಸೇರಿದರೆ ಹತ್ತು ದಿನದೊಳಗೆ ಇಎಸ್‌ಐ ನೋಂದಣಿ ಆಗಬೇಕು. ಆ ನೋಂದಣಿಗೆ ಮುಂಚೆ ಕೈಗೆ ಪೆಟ್ಟಾದರೆ ನಡೆಯುವ ಓಡಾಟವನ್ನು ಕಂಡವರು ಹತ್ತನೇ ದಿನಕ್ಕೆ ಕಾಯುವುದಿಲ್ಲ. ಇಂಥವನ್ನು ಗೋಡೆಯ ಮೇಲಲ್ಲ, ಹಾಜರಿ ಪುಸ್ತಕದ ಒಳರಟ್ಟಿನ ಮೇಲೆ ಅಂಟಿಸಿದ್ದೇವೆ. ಹೊಸ ಹೆಸರು ಬರೆಯುವಾಗ ಆ ರಟ್ಟು ಕಣ್ಣಿಗೆ ಬಿದ್ದೇ ಬೀಳುತ್ತದೆ.

2025ರ ನವೆಂಬರ್ 21ರಂದು 29 ಹಳೆಯ ಕೇಂದ್ರ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ರಟ್ಟಿಗೇ ಹೊಸ ಸಾಲು ಬಂತು. ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 'ಮುಂದಿನ ತಿಂಗಳ ಪಗಾರದ ದಿನ ಬಾರೋ' ಎನ್ನುವ ರೂಢಿ ಇದ್ದ ಜಾಗದಲ್ಲಿ ಇದು ದೊಡ್ಡ ಬದಲಾವಣೆ. ತಿಂಗಳ ಪಗಾರಕ್ಕೂ ಮುಂದಿನ ತಿಂಗಳ 7ನೇ ತಾರೀಖು ದಾಟುವಂತಿಲ್ಲ. ಹತ್ತಕ್ಕೆ ಪಗಾರ ಹಂಚುತ್ತಿದ್ದ ಅಣ್ಣ ಈ ಒಂದು ತಾರೀಖಿಗೆ ಗೊಣಗಿದಷ್ಟು ಬೇರೆ ಯಾವುದಕ್ಕೂ ಗೊಣಗಲಿಲ್ಲ. ಬಿಲ್ಲಿನ ದುಡ್ಡು ಅವರ ಕೈಗೆ ಬರುವುದೇ ಒಂಬತ್ತರ ಹೊತ್ತಿಗೆ. ಅವರ ಗೊಣಗಾಟ ಸುಳ್ಳಲ್ಲ, ಆದರೆ ಚೌಕ 7ರಲ್ಲೇ ಇದೆ.

ಬೋನಸ್‌ಗೆ ಎಂಟು ತಿಂಗಳ ಲೆಕ್ಕ ಸಂಹಿತೆಯಲ್ಲೂ ಉಳಿದಿದೆ. ವೃತ್ತಿ ತೆರಿಗೆ, ಕಲ್ಯಾಣ ನಿಧಿ, ರಜೆ ಕಾಯ್ದೆ ರಾಜ್ಯದವು, ಅವುಗಳಿಗೆ ಸಂಹಿತೆ ತಾಗಿಲ್ಲ. ಆದರೆ ಕೇಂದ್ರದ ಕಾನೂನುಗಳ ಹಳೆಯ ಫಾರಂ, ಹಳೆಯ ತಲೆ ಎಣಿಕೆ ಹಿಡಿದು ಬರೆದ ಪ್ರತಿ ಚೌಕವನ್ನೂ ಹೊಸ ನಿಯಮಗಳ ಅಧಿಸೂಚನೆ ಬಂದಂತೆ ಮತ್ತೆ ಓದಬೇಕು. ಅದಕ್ಕಾಗಿ ಅವನ್ನು ಸದ್ಯ ಮಸಿಯಿಂದ ಪೆನ್ಸಿಲ್‌ಗೆ ಇಳಿಸಿದ್ದೇವೆ.

ತಂತಿ ಈಗಲೂ ಗೋಡೆಯಲ್ಲಿದೆ. ಅದಕ್ಕೆ ಚುಚ್ಚುವ ಪ್ರತಿ ಕಾಗದದ ಬಲಮೂಲೆಯಲ್ಲಿ ಕ್ಯಾಲೆಂಡರಿನ ಒಂದು ತಾರೀಖು ಅಥವಾ 'ನಮಗಲ್ಲ' ಎಂಬ ಮಾತು ಇರಬೇಕು. ಎರಡೂ ಇಲ್ಲದ ಕಾಗದ ಮೇಜಿನ ಮೇಲೇ ಇರುತ್ತದೆ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದೆ ಬರುವ 15 ಯಾವ ವಾರಕ್ಕೆ ಬಿದ್ದಿದೆ, ಅದರ ಹಿಂದಿನ ದಿನ ಬ್ಯಾಂಕು ತೆರೆದಿರುತ್ತದೆಯೇ, ಒಮ್ಮೆ ನೋಡಿಕೊಳ್ಳಿ.